ವಾಯುಗುಣದ ಮಾತುಗಳು

ವಿಜ್ಞಾನದ ಪಾಠಗಳಲ್ಲಿ ನೀವು ಮೇಲಿಂದ ಮೇಲೆ ಕಾಣುವ 'ಆಮ್ಲಜನಕ' ಎಂಬ ಮಾತನ್ನು ಬಿಡಿಸಿ ನೋಡಿ. ಆಮ್ಲವನ್ನು ಹುಟ್ಟಿಸುವಂಥದು ಎಂದು ಅದರ ಅರ್ಥ. ಈ ಹೆಸರು ಕನ್ನಡಿಗರ ಕಲ್ಪನೆಯಲ್ಲ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ, ಎಲ್ಲ ಆಮ್ಲಗಳಲ್ಲಿಯೂ ಈ ಅನಿಲ ಇದ್ದೇ ಇರುತ್ತದೆಂದು ನಂಬಿ, ಗ್ರೀಕ್ ಮಾತುಗಳಿಂದ ಅದಕ್ಕೆ ಈ ಅರ್ಥದ ಹೆಸರನ್ನಿಟ್ಟನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಈ ಅನಿಲದ ಲೇಶವೂ ಇಲ್ಲವೆಂದು 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ತೋರಿಸಿಕೊಟ್ಟನು. ನಂಬಿಕೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಅನಂತರ ನಮ್ಮ ಹಿರಿಯರು ಆ ಹೆಸರನ್ನು ಅರ್ಥಸಹಿತವಾಗಿ ಭಾಷಾಂತರಿಸಿದಾಗ ಲವಾಸಿಯೆಯ ತಪ್ಪೂ ಅದರೊಡನೆ ಕನ್ನಡಕ್ಕೆ ಬಂದಿತು.

ಇದರಿಂದ ಯಾರಿಗೂ ಕೇಡಾಗಿಲ್ಲ. ಆಮ್ಲಜನಕವೆಂದಾಗ ನಮ್ಮ ಮನಸ್ಸು ಆಮ್ಲದ ಕಡೆಗೆ ಹೋಗುವುದಿಲ್ಲ. ಉಸಿರಿನ ಕಡೆಗೆ ಹೋಗುತ್ತದೆ. ಆದರೆ ಎಲ್ಲ ಹೆಸರುಗಳೂ ಇಷ್ಟು ನಿರುಪದ್ರವಿಗಳಲ್ಲ. ಭೂಮಿಯ ಬಿಸಿ ಏರುತ್ತಿರುವ ಸಂಗತಿಯನ್ನು ಕುರಿತು ಈಗ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಪರೀಕ್ಷೆಯ ಉತ್ತರಗಳಲ್ಲಿ ಹಲವು ಹೊಸ ಮಾತುಗಳು ಓಡಾಡುತ್ತಿವೆ. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಪಡಿಯಚ್ಚುಗಳು. ಒಂದೊಂದು ಮಾತಿನ ಒಳಗೂ ಒಂದೊಂದು ಚಿತ್ರವಿದೆ. ಚಿತ್ರ ಸರಿಯಾಗಿದ್ದರೆ ಮಾತು ನಮಗೆ ದಾರಿ ತೋರಿಸುತ್ತದೆ. ತಪ್ಪಾಗಿದ್ದರೆ ದಾರಿ ತಪ್ಪಿಸುತ್ತದೆ. ಅದನ್ನು ಪರೀಕ್ಷಿಸಲು ಬೇಕಾದ ಒರೆಗಲ್ಲು ಎಷ್ಟೋ ಸಲ ನಮ್ಮ ಹಳೆಯ ಕನ್ನಡ ಮಾತುಗಳಲ್ಲಿಯೇ ದೊರೆಯುತ್ತದೆ.

ಮೊದಲು 'ಹವಾಮಾನ' ಮತ್ತು 'ವಾಯುಗುಣ' ಎಂಬ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. ಇಂದು ಮಳೆ ಬರುವುದೇ, ನಾಳೆ ಮೋಡ ಮುಸುಕುವುದೇ ಎಂಬುದು ಹವಾಮಾನ. ಒಂದು ಪ್ರದೇಶದಲ್ಲಿ ಹಲವಾರು ವರ್ಷಗಳ ಸರಾಸರಿಯಲ್ಲಿ ಮಳೆ ಬಿಸಿಲುಗಳು ಹೇಗಿರುತ್ತವೆ ಎಂಬುದು ವಾಯುಗುಣ. ಸಾಮಾನ್ಯವಾಗಿ ಮೂವತ್ತು ವರ್ಷಗಳ ಅಳತೆಗಳನ್ನು ಒಟ್ಟುಗೂಡಿಸಿ ವಾಯುಗುಣವನ್ನು ಗೊತ್ತುಮಾಡುತ್ತಾರೆ. ಭೂಗೋಳದ ಪುಸ್ತಕಗಳು ಈ ಭೇದವನ್ನು ಪಾಲಿಸಿಕೊಂಡು ಬಂದಿವೆ. ಪತ್ರಿಕೆಗಳು ಮಾತ್ರ ಎರಡಕ್ಕೂ 'ಹವಾಮಾನ'ವೆಂದೇ ಬರೆಯುವುದುಂಟು. ಆಗ ಒಂದು ಚಳಿಗಾಲದಲ್ಲಿ ಬೀದರಿನಲ್ಲಿ ಮೈ ನಡುಗಿಸುವ ಚಳಿ ಬಿದ್ದರೆ, 'ಭೂಮಿ ಬಿಸಿಯಾಗುತ್ತಿದೆ ಎನ್ನುತ್ತಾರಲ್ಲ, ಈ ಚಳಿ ಎಲ್ಲಿಂದ ಬಂತು?' ಎಂಬ ಪ್ರಶ್ನೆ ಏಳುತ್ತದೆ. ಆ ಚಳಿ ಹವಾಮಾನ; ಏರುತ್ತಿರುವುದು ವಾಯುಗುಣದ ಲೆಕ್ಕ. ನಮ್ಮ ರೈತರಿಗೆ ಈ ಭೇದ ಹೊಸದಲ್ಲ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಳನ್ನು ಹೆಸರಿಸಿ, ಯಾವ ಮಳೆಗೆ ಯಾವ ಬಿತ್ತನೆ ಎಂದು ಗೊತ್ತುಮಾಡಿಕೊಂಡಿದ್ದ ಲೆಕ್ಕವೆಲ್ಲ ವಾಯುಗುಣದ ಲೆಕ್ಕವೇ. ಈ ವರ್ಷದ ಆರಿದ್ರಾ ಮಳೆ ಬಂದಿತೋ ಕೈಕೊಟ್ಟಿತೋ ಎಂಬುದು ಹವಾಮಾನದ ಮಾತು.

ಇನ್ನು 'ಹಸಿರುಮನೆ ಪರಿಣಾಮ'ಕ್ಕೆ ಬರೋಣ. ಇದರಲ್ಲಿಯೇ ತೊಡಕು ಹೆಚ್ಚು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಹಸಿರುಮನೆ ಎಂದೊಡನೆ ನಮ್ಮ ಕಣ್ಣಿಗೆ ಕಾಣುವುದೇನು? ಹಸಿರು ಬಣ್ಣ ಬಳಿದ ಮನೆ, ಇಲ್ಲವೆ ಬಳ್ಳಿ ಹಬ್ಬಿದ ಮನೆ. ಚಳಿಯ ದೇಶಗಳಲ್ಲಿ ಎಳೆಯ ಗಿಡಗಳನ್ನು ಹಿಮದಿಂದ ಕಾಪಾಡಲು ಗಾಜಿನ ಗೋಡೆ, ಗಾಜಿನ ಮಾಡುಗಳುಳ್ಳ ಮನೆಯನ್ನು ಕಟ್ಟುತ್ತಾರೆ. ಒಳಗೆ ಹಸಿರಾದ ಸಸ್ಯಗಳಿರುವುದರಿಂದ ಅಲ್ಲಿನವರು ಅದನ್ನು ಹಸಿರುಮನೆ ಎಂದರು. ಆ ಮನೆಯ ಮುಖ್ಯ ಸಂಗತಿ ಹಸಿರಲ್ಲ, ಗಾಜು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅಂಥದೊಂದು ಕಟ್ಟಡ ಎದ್ದಾಗ ಕನ್ನಡದ ಜನ ಅದನ್ನು ಹಸಿರುಮನೆ ಎನ್ನಲಿಲ್ಲ. 'ಗಾಜಿನ ಮನೆ' ಎಂದರು. ಕಂಡದ್ದನ್ನು ಕಂಡಂತೆ ಹೇಳುವ ಜಾಣ್ಮೆ ಆ ಹೆಸರಿನಲ್ಲಿದೆ. ಆದುದರಿಂದ 'ಗಾಜಿನಮನೆ ಪರಿಣಾಮ' ಎಂದಿದ್ದರೆ ಒಂದು ತೊಡಕು ಕಡಿಮೆಯಾಗುತ್ತಿತ್ತು. ಆದರೆ ಇನ್ನೊಂದು ತೊಡಕು ಹಾಗೆಯೇ ಉಳಿಯುತ್ತಿತ್ತು. ಏಕೆಂದರೆ ಗಾಜಿನ ಮನೆ ಬಿಸಿಯಾಗುವ ಬಗೆಯೂ ಭೂಮಿ ಬಿಸಿಯಾಗುವ ಬಗೆಯೂ ಒಂದೇ ಅಲ್ಲ.

ಇದನ್ನು ತಿಳಿಯಲು ಕನ್ನಡದ ಎರಡು ಮಾತುಗಳನ್ನು ನೆನೆಯಿರಿ: ಸೆಕೆ ಮತ್ತು ಝಳ. ಕಿಟಕಿ ಬಾಗಿಲುಗಳನ್ನು ಮುಚ್ಚಿದ ಕೋಣೆಯಲ್ಲಿ ಗಾಳಿಯಾಡದೆ ನಮಗಾಗುವುದು ಸೆಕೆ. ಉರಿಯುತ್ತಿರುವ ಬಚ್ಚಲ ಒಲೆಯ ಮುಂದೆ ಕುಳಿತಾಗ ಮುಖಕ್ಕೆ ಬಡಿಯುವುದು ಝಳ. ಝಳ ಗಾಳಿಯ ಮೇಲೇರಿ ಬರುವುದಿಲ್ಲ. ಬೆಳಕಿನಂತೆ ನೇರವಾಗಿ ಬರುತ್ತದೆ. ಒಲೆಗೂ ಮುಖಕ್ಕೂ ನಡುವೆ ಒಂದು ರಟ್ಟನ್ನು ಹಿಡಿದರೆ ಅದು ಆ ಕ್ಷಣವೇ ನಿಲ್ಲುತ್ತದೆ, ಸರಿಸಿದರೆ ಮತ್ತೆ ಆ ಕ್ಷಣವೇ ಬಡಿಯುತ್ತದೆ. ಬಿಸಿಲಿನಲ್ಲಿ ಕಾದ ಜಗಲಿಯ ಕಲ್ಲು ಸಂಜೆಯ ಮೇಲೆ ಮಿನುಗುವುದಿಲ್ಲ; ಆದರೂ ಬಳಿಗೆ ಕೈಯೊಯ್ದರೆ ಅದರ ಝಳ ತಿಳಿಯುತ್ತದೆ. ವಿಜ್ಞಾನಿಗಳು ಇದನ್ನು ಅವಕೆಂಪು ಕಿರಣವೆನ್ನುತ್ತಾರೆ. ಹಗಲೆಲ್ಲ ಬಿಸಿಲು ಕುಡಿದ ಭೂಮಿಯೂ ಆ ಜಗಲಿಯ ಕಲ್ಲಿನಂತೆಯೇ. ಅದು ಹಗಲು ರಾತ್ರಿ ಎನ್ನದೆ ಆಕಾಶದ ಕಡೆಗೆ ಕಣ್ಣಿಗೆ ಕಾಣದ ಝಳವನ್ನು ಸೂಸುತ್ತಿರುತ್ತದೆ. ಭೂಮಿ ತನ್ನ ಬಿಸಿಯನ್ನು ಹೊರಗಿನ ಶೂನ್ಯಕ್ಕೆ ಬಿಟ್ಟುಕೊಡಲು ಇರುವುದು ಇದೊಂದೇ ದಾರಿ.

ಈ ದಾರಿಗೆ ಅಡ್ಡ ಬರುವ ಅನಿಲಗಳು ಯಾವುವೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡರು. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಉಷ್ಣಮಾಪಕಗಳನ್ನಿರಿಸಿ, ಬಿಸಿಲಿನಲ್ಲಿಟ್ಟಳು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯಿತು. ನೆರಳಿಗೆ ತಂದ ಮೇಲೆಯೂ ಬಹಳ ಹೊತ್ತು ಆರಲಿಲ್ಲ. ಗಾಳಿಯಲ್ಲಿ ಈ ಅನಿಲ ಹೆಚ್ಚಾಗಿದ್ದರೆ ಭೂಮಿಯೂ ಹೆಚ್ಚು ಬಿಸಿಯಾಗಿರುತ್ತದೆಂದು ಆಕೆ ಊಹಿಸಿದಳು. ಆದರೆ ಆಕೆಯ ಪ್ರಯೋಗದಲ್ಲಿ ಒಂದು ಕೊರತೆಯಿತ್ತು: ಕೊಳವೆಯನ್ನು ಕಾಯಿಸಿದ್ದು ಬಿಸಿಲೋ ಝಳವೋ ಎಂದು ಬೇರ್ಪಡಿಸಿ ಹೇಳುವಂತಿರಲಿಲ್ಲ. ಮೂರು ವರ್ಷಗಳ ಅನಂತರ, 1859ರಲ್ಲಿ, ಐರ್ಲೆಂಡಿನಲ್ಲಿ ಹುಟ್ಟಿದ ಜಾನ್ ಟಿಂಡಲ್ ಲಂಡನ್ನಿನಲ್ಲಿ ಈ ಕೆಲಸವನ್ನು ಮಾಡಿದನು. ಗಾಜು ಝಳವನ್ನು ತಾನೇ ಹೀರಿಕೊಂಡುಬಿಡುತ್ತದೆ. ಆದ್ದರಿಂದ ಅವನು ಉದ್ದವಾದ ಹಿತ್ತಾಳೆಯ ಕೊಳವೆಯ ಎರಡು ತುದಿಗಳನ್ನು ಕಲ್ಲುಪ್ಪಿನ ಬಿಲ್ಲೆಗಳಿಂದ ಮುಚ್ಚಿದನು. ಕಲ್ಲುಪ್ಪು ಝಳವನ್ನು ತಡೆಯುವುದಿಲ್ಲ. ಒಂದು ತುದಿಯಿಂದ ಝಳವನ್ನು ಹಾಯಿಸಿ ಇನ್ನೊಂದು ತುದಿಯಲ್ಲಿ ಅಳೆದಾಗ, ಗಾಳಿಯ ಬಹುಭಾಗವಾಗಿರುವ ಸಾರಜನಕವೂ ಆಮ್ಲಜನಕವೂ ಅದನ್ನು ತಡೆಯದೆ ಬಿಟ್ಟುಕೊಡುತ್ತವೆಂದೂ, ನೀರಾವಿಯೂ ಇಂಗಾಲದ ಡೈಆಕ್ಸೈಡೂ ಅದನ್ನು ಹಿಡಿದುಕೊಳ್ಳುತ್ತವೆಂದೂ ತಿಳಿದುಬಂದಿತು.

ಹಿಡಿದುಕೊಂಡ ಝಳವನ್ನು ಆ ಅನಿಲಗಳು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಸುತ್ತಲಿನ ಗಾಳಿಗೆ ಹಂಚುತ್ತವೆ. ಮೇಲಕ್ಕೂ ಕೆಳಕ್ಕೂ ಮತ್ತೆ ಸೂಸುತ್ತವೆ. ಕೆಳಗೆ ಬಂದ ಪಾಲು ನೆಲವನ್ನು ಇನ್ನಷ್ಟು ಬೆಚ್ಚಗಾಗಿಸುತ್ತದೆ. ಇದು ನಮಗೆ ಪ್ರತಿದಿನವೂ ಅನುಭವಕ್ಕೆ ಬರುವ ಸಂಗತಿ. ಮಾಗಿಯ ಕಾಲದಲ್ಲಿ ವಿಜಯಪುರದ ಆಕಾಶ ನಿರ್ಮಲವಾಗಿ, ಗಾಳಿ ಒಣಗಿರುತ್ತದೆ. ಅಂಥ ರಾತ್ರಿ ನೆಲದ ಝಳಕ್ಕೆ ತಡೆ ಕಡಿಮೆ. ಮುಂಜಾನೆಯ ಹೊತ್ತಿಗೆ ಚಳಿ ಕೊರೆಯುತ್ತದೆ. ಅದೇ ಊರಿನಲ್ಲಿ ಮೋಡ ಕವಿದ ರಾತ್ರಿ ಬಂದರೆ ಅಷ್ಟು ಚಳಿಯಾಗುವುದಿಲ್ಲ. ಮೋಡವೂ ನೀರಾವಿಯೂ ನೆಲದ ಝಳವನ್ನು ನೆಲಕ್ಕೇ ಹಿಂದಿರುಗಿಸಿರುತ್ತವೆ. ಝಳವನ್ನು ಹಿಡಿಯುವ ಅನಿಲಗಳು ಗಾಳಿಯಲ್ಲಿ ಇಲ್ಲವೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತೆಂದು ಲೆಕ್ಕ ಹಾಕಿದ್ದಾರೆ. ಈಗ ಅದು ಸುಮಾರು 15 ಡಿಗ್ರಿ. ಆದ್ದರಿಂದ ಈ ಪರಿಣಾಮವೇ ಕೆಟ್ಟದೆನ್ನುವುದು ಸರಿಯಲ್ಲ; ಅದಿಲ್ಲದೆ ಸಮುದ್ರಗಳು ಹೆಪ್ಪುಗಟ್ಟಿಹೋಗುತ್ತಿದ್ದವು. ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ನಾವು ಅದನ್ನು ಅಳತೆ ಮೀರಿ ಬೆಳೆಸುತ್ತಿರುವುದು ಈಗಿನ ತೊಂದರೆ. ಕೈಗಾರಿಕೆಗಳು ಬೆಳೆಯುವುದಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನ ಅಣುಗಳು ಸುಮಾರು 280 ಇದ್ದವು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ನಿರಂತರವಾಗಿ ಅಳೆಯಲು ತೊಡಗಿದಾಗ ಅವು 315ರಷ್ಟಿದ್ದವು. ಈಗ 420ನ್ನು ದಾಟಿವೆ.

ಹಾಗಾದರೆ ಗಾಜಿನ ಮನೆಯಲ್ಲಿ ನಡೆಯುವುದೇನು? ಗಾಜು ಝಳವನ್ನು ತಡೆಯುವುದರಿಂದಲೇ ಆ ಮನೆ ಬಿಸಿಯಾಗಿರುತ್ತದೆಂದು ಬಹುಕಾಲ ನಂಬಿದ್ದರು. ಈ ನಂಬಿಕೆಯಿಂದಲೇ ಭೂಮಿಯ ಸಂಗತಿಗೂ ಅದರ ಹೆಸರು ಅಂಟಿಕೊಂಡಿತು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜಿನ ಮುಚ್ಚಳವನ್ನೂ ಇನ್ನೊಂದಕ್ಕೆ ಕಲ್ಲುಪ್ಪಿನ ಮುಚ್ಚಳವನ್ನೂ ಹಾಕಿ ಬಿಸಿಲಿನಲ್ಲಿಟ್ಟನು. ಝಳವನ್ನು ತಡೆಯುವ ಗಾಜಿನ ಪೆಟ್ಟಿಗೆ ಹೆಚ್ಚು ಕಾಯಬೇಕಾಗಿತ್ತು. ಮೊದಲು ಉಪ್ಪಿನ ಪೆಟ್ಟಿಗೆಯೇ ಒಂದಿಷ್ಟು ಹೆಚ್ಚು ಕಾಯಿತು! ಬಿಸಿಲಿನಲ್ಲಿಯೇ ಇರುವ ಕೊಂಚ ಝಳವನ್ನು ಗಾಜು ಒಳಗೆ ಬಿಡದೆ ತಡೆದುದು ಅದಕ್ಕೆ ಕಾರಣ. ಬಿಸಿಲನ್ನು ಮೊದಲೇ ಒಂದು ಗಾಜಿನ ಮೂಲಕ ಸೋಸಿ ಎರಡರ ಮೇಲೂ ಬೀಳುವಂತೆ ಮಾಡಿದಾಗ ಎರಡು ಪೆಟ್ಟಿಗೆಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದವು. ಪೆಟ್ಟಿಗೆಯನ್ನು ಬಿಸಿಯಾಗಿಟ್ಟದ್ದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಗೆ ಹೋಗದಂತೆ ಮುಚ್ಚಳ ತಡೆದುದೇ ಎಂದಾಯಿತು.

ವುಡ್ಡನ ಮಾತಿಗೆ ಸಾಕ್ಷಿಯನ್ನು ಬೆಂಗಳೂರು, ಕೋಲಾರಗಳ ಸುತ್ತಣ ಹೊಲಗಳಲ್ಲಿಯೂ ನೋಡಬಹುದು. ಗುಲಾಬಿ, ದಪ್ಪ ಮೆಣಸಿನಕಾಯಿಗಳನ್ನು ಬೆಳೆಯಲು ಅಲ್ಲಿ ಪಾಲಿಹೌಸುಗಳನ್ನು ಕಟ್ಟಿದ್ದಾರೆ. ಸಾಧಾರಣ ಪಾಲಿಥೀನ್ ಹಾಳೆ ಝಳವನ್ನು ಹೆಚ್ಚಾಗಿ ತಡೆಯುವುದಿಲ್ಲ. ಆದರೂ ನಡುಹಗಲಿನಲ್ಲಿ ಒಳಗೆ ಹೋದರೆ ಬೆವರು ಹರಿಯುತ್ತದೆ. ಬಿಸಿ ಮಿತಿ ಮೀರಿದಾಗ ರೈತರು ಅಕ್ಕಪಕ್ಕದ ಪರದೆಗಳನ್ನು ಮೇಲಕ್ಕೆ ಸುತ್ತಿಬಿಡುತ್ತಾರೆ. ಗಾಳಿಯಾಡಿದೊಡನೆ ಒಳಗಿನ ಬಿಸಿ ಇಳಿಯುತ್ತದೆ. ಅಲ್ಲಿರುವುದು ಹೆಚ್ಚಾಗಿ ಸೆಕೆ. ಭೂಮಿಯ ಗಾಳಿಗೋ ಮಾಡೂ ಇಲ್ಲ, ಪರದೆಯೂ ಇಲ್ಲ. ಬಿಸಿಯಾದ ಗಾಳಿ ತನ್ನ ಪಾಡಿಗೆ ತಾನು ಮೇಲೇರುತ್ತದೆ. ಅಲ್ಲಿ ಸಿಕ್ಕಿಬೀಳುವುದು ಝಳ. ಹೀಗೆ ಇಂಗ್ಲಿಷಿನ ಒಂದು ಹೆಸರು ಬೆರೆಸಿಬಿಟ್ಟ ಎರಡು ಸಂಗತಿಗಳನ್ನು ನಮ್ಮ ಅಡುಗೆಮನೆ ಬಚ್ಚಲುಮನೆಗಳ ಮಾತುಗಳು ಬೇರ್ಪಡಿಸಿ ಕೊಡುತ್ತವೆ.

ಹೆಸರಿನ ತಪ್ಪು ಚಿತ್ರದಿಂದ ಆಗುವ ನಷ್ಟವೇನು ಎಂದು ನೀವು ಕೇಳಬಹುದು. 'ಓಜೋನ್ ಪದರದಲ್ಲಿ ತೂತು ಬಿದ್ದು ಅದರ ಮೂಲಕ ಬಿಸಿಲು ಹೆಚ್ಚಾಗಿ ನುಗ್ಗುವುದರಿಂದ ಭೂಮಿ ಬಿಸಿಯಾಗುತ್ತಿದೆ' ಎಂದು ಎಷ್ಟೋ ವಿದ್ಯಾರ್ಥಿಗಳು ಉತ್ತರ ಬರೆಯುತ್ತಾರೆ. ಭೂಮಿಗೆ ಗಾಜಿನ ಮಾಡೊಂದಿದೆ ಎಂದು ಒಮ್ಮೆ ಕಲ್ಪಿಸಿಕೊಂಡರೆ, ಮಾಡಿಗೆ ತೂತು ಬೀಳುವುದನ್ನು ಕಲ್ಪಿಸಿಕೊಳ್ಳುವುದು ಸುಲಭ! ಓಜೋನಿನ ಕಥೆ ಬೇರೆ. ಅದು ತಡೆಯುವುದು ಸೂರ್ಯನಿಂದ ಬರುವ ಅತಿನೇರಳೆ ಕಿರಣಗಳನ್ನು. ಅದನ್ನು ಹಾಳುಮಾಡುವ ರಾಸಾಯನಿಕಗಳನ್ನು ನಿಲ್ಲಿಸಲು 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. ಭೂಮಿ ಬಿಸಿಯಾಗುತ್ತಿರುವುದು ಬಿಸಿಲು ಹೆಚ್ಚು ಬರುತ್ತಿರುವುದರಿಂದಲ್ಲ, ಝಳ ಸಲೀಸಾಗಿ ಹೊರಗೆ ಹೋಗದಿರುವುದರಿಂದ. 'ಹಸಿರುಮನೆ' ಎಂಬ ಮಾತು ಈಗ ಪುಸ್ತಕಗಳಲ್ಲಿ ಬೇರೂರಿದೆ. ಅದನ್ನು ಕಿತ್ತೊಗೆಯುವುದು ಆಗದ ಕೆಲಸ. ಮನಸ್ಸಿನಲ್ಲಿ ಮಾತ್ರ ಅದರ ಜೊತೆಗೆ 'ಕಂಬಳಿ' ಎಂಬ ಚಿತ್ರವನ್ನು ಇಟ್ಟುಕೊಳ್ಳಬಹುದು. ಕಂಬಳಿ ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಹೊದ್ದವನ ಮೈಯ ಕಾವು ಬೇಗನೆ ಹೋಗದಂತೆ ಮಾಡುತ್ತದೆ. ಎರಡನೆಯ ಕಂಬಳಿ ಹೊದ್ದರೆ ಇನ್ನೂ ಬೆಚ್ಚಗಾಗುತ್ತದೆ. ಇಷ್ಟರ ಮಟ್ಟಿಗೆ ಹೋಲಿಕೆ ಸರಿ. ಆದರೆ ಕಂಬಳಿ ಬಿಸಿಲನ್ನೂ ತಡೆಯುತ್ತದೆ, ನಮ್ಮ ಗಾಳಿ ತಡೆಯುವುದಿಲ್ಲ ಎಂಬ ವ್ಯತ್ಯಾಸವನ್ನು ಮರೆಯಬಾರದು.

ಇದೇ ಪ್ರಸಂಗದಲ್ಲಿ ಇನ್ನೊಂದು ಮಾತು. 'ಜಾಗತಿಕ ತಾಪಮಾನದಿಂದ ಅನಾಹುತ' ಎಂಬಂಥ ತಲೆಬರಹಗಳನ್ನು ನೀವು ಓದಿರಬಹುದು. ತಾಪಮಾನವೆಂದರೆ ಬಿಸಿಯ ಅಳತೆ, ಅಳತೆಯಿಂದ ಅನಾಹುತವಾಗುವುದಿಲ್ಲ. 'ಏರಿಕೆ' ಎಂಬ ಮಾತು ಅಲ್ಲಿ ಬಿಟ್ಟುಹೋಗಿದೆ. 'ಭೂಮಿಯ ಬಿಸಿಯೇರಿಕೆ' ಎಂದರೆ ಹಳ್ಳಿಯ ಅಜ್ಜಿಗೂ ಅರ್ಥವಾದೀತು.

ಇನ್ನು 'ಇಂಗಾಲದ ಹೆಜ್ಜೆಗುರುತು'. ಇದರಲ್ಲಿ ಮೊದಲ ಪದ ಚೆನ್ನಾಗಿದೆ. ಹಳಗನ್ನಡದಲ್ಲಿ ಇಂಗಳವೆಂದರೆ ಕೆಂಡ. ಅದು ಸಂಸ್ಕೃತದ 'ಅಂಗಾರ'ದಿಂದ ಬಂದುದು. ಲ್ಯಾಟಿನ್ ಭಾಷೆಯಲ್ಲಿಯೂ ಈ ಧಾತುವಿನ ಹೆಸರಿನ ಮೂಲಾರ್ಥ ಇದ್ದಿಲೆಂದೇ. ಎರಡನೆಯ ಪದದಲ್ಲಿ ತೊಡಕಿದೆ. ಮಾನವನ ಬದುಕಿಗೆ ಭೂಮಿಯ ಎಷ್ಟು ನೆಲ ಬೇಕಾಗುತ್ತದೆಂಬುದನ್ನು ಲೆಕ್ಕ ಹಾಕುವಾಗ 1992ರಲ್ಲಿ ಕೆನಡಾದ ವಿಲಿಯಂ ರೀಸ್ ಈ ಹೋಲಿಕೆಯನ್ನು ಬಳಸಿದನು. ಇಟ್ಟ ಪಾದ ಎಷ್ಟು ನೆಲವನ್ನು ಆಕ್ರಮಿಸುತ್ತದೆ ಎಂಬುದು ಅವನ ಚಿತ್ರ. ಕನ್ನಡದಲ್ಲಿ ಹೆಜ್ಜೆಗುರುತೆಂದರೆ ಬೇರೆಯ ಚಿತ್ರ ಮೂಡುತ್ತದೆ. ಬೇಟೆಗಾರ ಪ್ರಾಣಿಯ ಹೆಜ್ಜೆಯನ್ನು ಹಿಡಿದು ಹೋಗುತ್ತಾನೆ. ಹಿರಿಯರ ಹೆಜ್ಜೆಗುರುತಿನಲ್ಲಿ ನಡೆಯಬೇಕೆಂದು ಉಪದೇಶಿಸುತ್ತೇವೆ. ಇಲ್ಲಿ ನಾವು ಹೇಳಬೇಕಾದುದು ಜಾಡನ್ನಲ್ಲ, ತೂಕವನ್ನು. ನಾವು ಗಾಳಿಯ ಮೇಲೆ ಹೊರಿಸುವ ಇಂಗಾಲದ ಡೈಆಕ್ಸೈಡು ಎಷ್ಟು ಕಿಲೋಗ್ರಾಂ ಎಂಬುದೇ ಪ್ರಶ್ನೆ. 'ಇಂಗಾಲದ ಹೊರೆ' ಎಂದರೆ ಈ ಅರ್ಥ ನೇರವಾಗಿ ಬರುತ್ತದೆ.

ಆ ಹೊರೆಯನ್ನು ತೂಗುವ ಬಗೆಯನ್ನು ನೋಡೋಣ. ಅಡುಗೆ ಅನಿಲದ ಒಂದು ಸಿಲಿಂಡರಿನಲ್ಲಿ 14.2 ಕಿಲೋಗ್ರಾಂ ಅನಿಲವಿರುತ್ತದೆ. ಅದರಲ್ಲಿ ಇಂಗಾಲದ ಪಾಲು ಸುಮಾರು 11.7 ಕಿಲೋಗ್ರಾಂ, ಉಳಿದುದು ಜಲಜನಕ. ಉರಿಯುವಾಗ ಇಂಗಾಲದ ಪ್ರತಿಯೊಂದು ಪರಮಾಣುವೂ ಗಾಳಿಯಿಂದ ಆಮ್ಲಜನಕದ ಎರಡು ಪರಮಾಣುಗಳನ್ನು ಸೇರಿಸಿಕೊಳ್ಳುತ್ತದೆ. ಇಂಗಾಲದ ತೂಕ 12 ಪಾಲಾದರೆ ಆ ಎರಡು ಪರಮಾಣುಗಳ ತೂಕ 32 ಪಾಲು; ಒಟ್ಟು 44. ಎಂದರೆ 12 ಕಿಲೋಗ್ರಾಂ ಇಂಗಾಲ ಉರಿದರೆ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಈ ಪ್ರಮಾಣದಲ್ಲಿ 11.7 ಕಿಲೋಗ್ರಾಂ ಇಂಗಾಲದಿಂದ ಸುಮಾರು 43 ಕಿಲೋಗ್ರಾಂ ಆಗುತ್ತದೆ. ಹದಿನಾಲ್ಕು ಕಿಲೋಗ್ರಾಂ ಸುಟ್ಟು ನಲವತ್ತಮೂರು ಕಿಲೋಗ್ರಾಂ ಹೊರಬರುವುದು ಮಾಯೆಯಂತೆ ತೋರುತ್ತದೆ. ಹೆಚ್ಚಿನ ತೂಕವೆಲ್ಲ ಗಾಳಿಯಿಂದ ಬಂದುದು.

ನಾಲ್ಕು ಜನರ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಿ. ಸಿಲಿಂಡರು ಎರಡು ತಿಂಗಳಿಗೆ ಬರುತ್ತದೆ. ಆದ್ದರಿಂದ ತಿಂಗಳಿಗೆ ಸುಮಾರು 21 ಕಿಲೋಗ್ರಾಂ. ಸ್ಕೂಟರಿಗೆ ತಿಂಗಳಿಗೆ 10 ಲೀಟರು ಪೆಟ್ರೋಲು ಬೇಕು. ಲೀಟರಿಗೆ ಸುಮಾರು 2.3 ಕಿಲೋಗ್ರಾಂನಂತೆ 23. ವಿದ್ಯುತ್ತು ತಿಂಗಳಿಗೆ 60 ಯೂನಿಟ್. ಭಾರತದಲ್ಲಿ ಒಂದು ಯೂನಿಟ್ಟಿನ ಹೊರೆ ಸರಾಸರಿ 0.7 ಕಿಲೋಗ್ರಾಂನಷ್ಟಿರುವುದರಿಂದ 42. 'ನಮ್ಮ ವಿದ್ಯುತ್ತು ಶರಾವತಿಯ ನೀರಿನಿಂದ ಬರುತ್ತದೆ, ಅದಕ್ಕೆಲ್ಲಿಯ ಇಂಗಾಲ?' ಎಂದು ಕೆಲವರು ಹೇಳುವುದುಂಟು. 2013ರ ಡಿಸೆಂಬರಿನ ಕೊನೆಯಲ್ಲಿ ದಕ್ಷಿಣ ಭಾರತದ ವಿದ್ಯುಜ್ಜಾಲವೂ ದೇಶದ ಜಾಲಕ್ಕೆ ಕೂಡಿಕೊಂಡಿತು. ಜೋಗದ ವಿದ್ಯುತ್ತೂ ರಾಯಚೂರಿನ ಕಲ್ಲಿದ್ದಲಿನ ವಿದ್ಯುತ್ತೂ ಒಂದೇ ಕೆರೆಗೆ ಬಿದ್ದ ನೀರಿನಂತೆ ಬೆರೆತುಹೋಗುತ್ತವೆ. ಬಿಂದಿಗೆಯಲ್ಲಿ ಮೊಗೆದುಕೊಂಡವನು ಇದು ಯಾವ ಹಳ್ಳದ ನೀರೆಂದು ಹೇಳಲಾರನು. ಆದಕಾರಣವೇ ಸರಾಸರಿಯನ್ನು ಹಿಡಿಯುತ್ತಾರೆ.

ಮೂರನ್ನೂ ಕೂಡಿಸಿದರೆ ತಿಂಗಳಿಗೆ 86 ಕಿಲೋಗ್ರಾಂ, ವರ್ಷಕ್ಕೆ 1032. ನಾಲ್ವರಿಗೆ ಹಂಚಿದರೆ ತಲೆಗೆ ಸುಮಾರು 258 ಕಿಲೋಗ್ರಾಂ, ಎಂದರೆ ಒಂದು ಟನ್ನಿನ ಕಾಲು ಪಾಲು. ಆದರೆ ಇಡೀ ದೇಶದ ಲೆಕ್ಕವನ್ನು ಜನಸಂಖ್ಯೆಯಿಂದ ಭಾಗಿಸಿದಾಗ ಭಾರತೀಯನೊಬ್ಬನ ಪಾಲು ವರ್ಷಕ್ಕೆ ಸುಮಾರು 2 ಟನ್. ಉಳಿದುದು ಎಲ್ಲಿ ಹೋಯಿತು? ಮನೆ ಕಟ್ಟಿದ ಸಿಮೆಂಟಿನಲ್ಲಿ, ಸೇತುವೆಯ ಉಕ್ಕಿನಲ್ಲಿ, ಗೊಬ್ಬರದಲ್ಲಿ, ಲಾರಿಗಳಲ್ಲಿ, ಕಾರ್ಖಾನೆಗಳ ವಿದ್ಯುತ್ತಿನಲ್ಲಿ ಅದು ಅಡಗಿದೆ. ಮನೆಯೊಳಗೆ ದೀಪ ಆರಿಸಿ ಉಳಿಸುವುದು ಕಾಲು ಟನ್ನಿನೊಳಗಿನ ಮಾತು. ಹೆಜ್ಜೆಗುರುತೆಂಬ ಮಾತನ್ನು ಈ ಶತಮಾನದ ಮೊದಲ ದಶಕದಲ್ಲಿ ಜಾಹೀರಾತುಗಳ ಮೂಲಕ ಮನೆಮಾತಾಗಿಸಿದವರಲ್ಲಿ ಒಂದು ದೊಡ್ಡ ತೈಲ ಕಂಪನಿಯೂ ಸೇರಿತ್ತು. 'ನಿಮ್ಮ ಹೆಜ್ಜೆಯನ್ನು ನೀವೇ ನೋಡಿಕೊಳ್ಳಿ' ಎಂದಾಗ ಎಣ್ಣೆ ಮಾರುವವರ ಹೆಜ್ಜೆ ಕಣ್ಣಿಗೆ ಬೀಳುವುದಿಲ್ಲವಷ್ಟೆ! ಹೊರೆಯೆಂದಾಗ ಅದನ್ನು ಯಾರು ಎಷ್ಟು ಹೊರಿಸಿದರು ಎಂದು ಕೇಳುವುದು ಸಹಜವಾಗುತ್ತದೆ.

'ಜೀವವೈವಿಧ್ಯ' ಎಂಬ ಮಾತಿನಲ್ಲಿ ಇಂಥ ದೋಷವಿಲ್ಲ. ಅದರ ಇಂಗ್ಲಿಷ್ ರೂಪ 1980ರ ದಶಕದ ನಡುವೆ ಅಮೆರಿಕದಲ್ಲಿ ಹುಟ್ಟಿತು. 1986ರಲ್ಲಿ ವಾಷಿಂಗ್‌ಟನ್ನಿನಲ್ಲಿ ನಡೆದ ಒಂದು ವಿಚಾರಗೋಷ್ಠಿಯಿಂದ ಎಲ್ಲೆಡೆಗೆ ಹರಡಿತು. ಕನ್ನಡದಲ್ಲಿ ಅದಕ್ಕೆ ಒದಗಿದ ಪದ ಶುದ್ಧವೂ ಅರ್ಥಸ್ಪಷ್ಟವೂ ಆಗಿದೆ. ಆದರೂ ಹಸಿರಾಗಿರುವುದೆಲ್ಲ ಜೀವವೈವಿಧ್ಯವೆಂಬ ತಪ್ಪು ತಿಳಿವಳಿಕೆ ಬಹಳ ಮಂದಿಯಲ್ಲಿದೆ. ಇಲ್ಲಿ ಸಹ ಹಳೆಯ ಮಾತುಗಳು ನೆರವಿಗೆ ಬರುತ್ತವೆ. ನೀಲಗಿರಿಯ ಸಾವಿರ ಮರಗಳನ್ನು ಸಾಲಾಗಿ ನೆಟ್ಟರೆ ಅದನ್ನು ನಾವು 'ತೋಪು' ಎನ್ನುತ್ತೇವೆ, 'ಕಾಡು' ಎನ್ನುವುದಿಲ್ಲ. ಸರ್ಕಾರದ ಅರಣ್ಯ ಸಮೀಕ್ಷೆಯಾದರೋ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ಹತ್ತರಲ್ಲಿ ಒಂದು ಪಾಲಿಗಾದರೂ ಮರಗಳ ನೆರಳಿದ್ದರೆ, ಅದು ತೋಪಾಗಿದ್ದರೂ ಅರಣ್ಯದ ಹೊದಿಕೆಯೆಂದೇ ಎಣಿಸುತ್ತದೆ.

ವೈವಿಧ್ಯವೆಂಬುದು ಒಂದೇ ಜಾತಿಯ ಬೆಳೆಯ ಒಳಗೂ ಇರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರವನ್ನು ಸೇರುವ ಅಳಿವೆಯಿದೆ. ಭರತ ಬಂದಾಗ ಉಪ್ಪುನೀರು ನದಿಯೊಳಕ್ಕೆ ಏರಿ ಬರುತ್ತದೆ. ಆ ನೀರಿನ ಅಂಚಿನ ತಗ್ಗು ಗದ್ದೆಗಳನ್ನು ಅಲ್ಲಿಯ ಜನ 'ಗಜನಿ' ಎನ್ನುತ್ತಾರೆ. ಸಾಮಾನ್ಯ ಭತ್ತ ಅಲ್ಲಿ ಬದುಕಲಾರದು. ಉಪ್ಪಿನಿಂದ ಎಲೆ ಸುಟ್ಟು ಸಸಿ ಸಾಯುತ್ತದೆ. ಆ ನೆಲದಲ್ಲಿ ಅವರು ತಲೆಮಾರುಗಳಿಂದ ಬೆಳೆದುಕೊಂಡು ಬಂದಿರುವ ಭತ್ತದ ಹೆಸರು 'ಕಗ್ಗ'. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದು ಹೊರಗೆ ಸಾಗಿಸಿದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾರೆ. ಕಗ್ಗದ ಪೈರು ಎತ್ತರವಾಗಿ ಬೆಳೆಯುತ್ತದೆ. ಕೆಲವು ದಿನ ನೆರೆನೀರಿನಲ್ಲಿ ನಿಂತರೂ ತಾಳಿಕೊಳ್ಳುತ್ತದೆ. ಒಂದಿಷ್ಟು ಉಪ್ಪನ್ನೂ ಸಹಿಸುತ್ತದೆ. ಕೊಯ್ಲಿನ ಅನಂತರ ಮತ್ತೆ ಉಪ್ಪುನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ಕೊಳೆತ ಕೂಳೆ ಸಿಗಡಿಗೂ ಮೀನಿಗೂ ಆಹಾರವಾಗುತ್ತದೆ.

ಇಳುವರಿಯ ಲೆಕ್ಕದಲ್ಲಿ ಕಗ್ಗ ಹೊಸ ತಳಿಗಳ ಸಮಕ್ಕೆ ಬರುವುದಿಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬಹಳಷ್ಟು ಗಜನಿಗಳನ್ನು ಸಿಗಡಿ ಸಾಕಣೆಗೆ ಗುತ್ತಿಗೆ ಕೊಟ್ಟರು. ವರ್ಷವಿಡೀ ಉಪ್ಪುನೀರು ನಿಂತ ಗದ್ದೆಗಳಲ್ಲಿ ಭತ್ತದ ಬೇಸಾಯ ನಿಂತುಹೋಯಿತು. ಕಗ್ಗದ ಬೀಜ ಕೆಲವೇ ಊರುಗಳಿಗೆ ಸರಿದು ನಿಂತಿತು. ಬೀಜವನ್ನು ಕಣಜದಲ್ಲಿ ಬಹುಕಾಲ ಇಡುವಂತಿಲ್ಲ. ಒಂದೆರಡು ವರ್ಷ ಬಿತ್ತದೆ ಬಿಟ್ಟರೆ ಮೊಳೆಯುವ ಶಕ್ತಿ ಕುಂದುತ್ತದೆ. ಈಗ ಭೂಮಿಯ ಬಿಸಿಯೇರಿಕೆಯಿಂದ ಸಮುದ್ರದ ಮಟ್ಟವೂ ಏರುತ್ತಿದೆ. ಕರಾವಳಿಯ ತಗ್ಗು ಗದ್ದೆಗಳಿಗೆ ಉಪ್ಪುನೀರು ಇನ್ನೂ ಒಳಕ್ಕೆ ನುಗ್ಗಲಿದೆ. ಉಪ್ಪನ್ನು ಸಹಿಸುವ ಭತ್ತವನ್ನು ರೂಪಿಸಲು ವಿಜ್ಞಾನಿಗಳು ಇಂಥ ನಾಡತಳಿಗಳನ್ನೇ ಹುಡುಕಿಕೊಂಡು ಬರುತ್ತಾರೆ. ಏಕೆಂದರೆ ಆ ಗುಣ ಬೇರೆ ಭತ್ತದಲ್ಲಿ ಸುಲಭವಾಗಿ ಸಿಗುವುದಿಲ್ಲ.

ಅಘನಾಶಿನಿಯ ದಡದ ಬೇಸಾಯಗಾರರ ದಿನದ ಮಾತಿನಲ್ಲಿ ಜೀವವೈವಿಧ್ಯವೆಂಬ ಪದ ಬರುವುದು ಅಪರೂಪ. ಅವರು ಕಗ್ಗವೆನ್ನುತ್ತಾರೆ, ಸಿಗಡಿಯೆನ್ನುತ್ತಾರೆ. ನದಿಯ ಮರಳಿನಲ್ಲಿ ಹೆಕ್ಕುವ ಚಿಪ್ಪುಜೀವಿಗೆ ಬಳಚು ಎನ್ನುತ್ತಾರೆ. ಕಟ್ಟೆಯ ಹೊರಮೈಯಲ್ಲಿ ನಿಂತು ಅಲೆಯ ಹೊಡೆತವನ್ನು ತಾಳುವ ಗಿಡಗಳಿಗೆ ಕಾಂಡ್ಲವೆನ್ನುತ್ತಾರೆ. ಅವರ ಈ ಹೆಸರುಗಳಲ್ಲಿ ಒಂದೊಂದೂ ಒಂದೊಂದು ಜೀವಿಯದು. ಆ ಜೀವಿ ಎಲ್ಲಿರುತ್ತದೆ, ಯಾವ ತಿಂಗಳಲ್ಲಿ ಬರುತ್ತದೆ, ಎಷ್ಟು ಉಪ್ಪನ್ನು ತಾಳುತ್ತದೆ ಎಂಬುದೆಲ್ಲ ಹೆಸರು ಹೇಳುವವರಿಗೆ ಗೊತ್ತಿರುತ್ತದೆ.